ಡಿವಿಡೆಂಡ್ ಮಾದರಿಗೆ g ಎಲ್ಲಿಂದ ಬರಬೇಕು: ಇನ್ಫೋಸಿಸ್ ಲೆಕ್ಕದ ಮೇಲೆ ನನ್ನ ಅನುಭವ

ಡಿವಿಡೆಂಡ್ ಆಧಾರದಲ್ಲಿ ಷೇರಿನ ಬೆಲೆ ಕಟ್ಟುವಾಗ ಬಹಳಷ್ಟು ಎಕ್ಸೆಲ್ ಹಾಳೆಗಳು ಎಡವುವುದು ಒಂದೇ ಜಾಗದಲ್ಲಿ. ಬೆಳವಣಿಗೆ ದರ g ಅನ್ನು ಒಂದು ಕಡೆಯಿಂದ ತರುತ್ತಾರೆ, ಡಿವಿಡೆಂಡ್ ಅನ್ನು ಇನ್ನೊಂದು ಕಡೆಯಿಂದ ತರುತ್ತಾರೆ. ಇವೆರಡೂ ಬರುವುದು ಒಂದೇ ಲಾಭದಿಂದ. ಹಂಚಿದ ರೂಪಾಯಿ ಬೆಳವಣಿಗೆಗೆ ಸಿಗುವುದಿಲ್ಲ, ಬೆಳವಣಿಗೆಗೆ ಇಟ್ಟುಕೊಂಡ ರೂಪಾಯಿ ಹಂಚಲು ಸಿಗುವುದಿಲ್ಲ. ಈ ಕಟ್ಟನ್ನು ಹಾಳೆಯೊಳಗೆ ಹೇಗೆ ಉಳಿಸಿಕೊಳ್ಳುತ್ತೇನೆ ಎಂಬುದನ್ನು ಇನ್ಫೋಸಿಸ್‌ನ 2022-23 ಮತ್ತು 2023-24ರ ಕನ್ಸಾಲಿಡೇಟೆಡ್ ಲೆಕ್ಕದ ಮೇಲೆ ತೋರಿಸುತ್ತೇನೆ. ಇದು ಷೇರು ಕೊಳ್ಳುವ ಅಥವಾ ಮಾರುವ ಸಲಹೆಯಲ್ಲ. ಈ ಸೂತ್ರ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದು ಈ ಕಂಪನಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೇ ಇದನ್ನು ಆರಿಸಿಕೊಂಡೆ.

ಮೂಲ ಸೂತ್ರ ಇಷ್ಟೇ:

```
b   = 1 - D / NI
ROE = NI / E0
g   = b * ROE
P0  = D1 / (r - g)
```

NI ಎಂದರೆ ನಿವ್ವಳ ಲಾಭ, D ಎಂದರೆ ಹಂಚಿದ ಡಿವಿಡೆಂಡ್, E0 ಎಂದರೆ ವರ್ಷದ ಆರಂಭದಲ್ಲಿದ್ದ ಷೇರುದಾರರ ಬಂಡವಾಳ, r ಎಂದರೆ ನಾವು ಬಯಸುವ ಪ್ರತಿಫಲ. b ಎಂದರೆ ಹಂಚದೆ ಉಳಿಸಿಕೊಂಡ ಲಾಭದ ಪಾಲು, ROE ಅಥವಾ ಆರ್‌ಒಇ ಎಂದರೆ ಬಂಡವಾಳದ ಮೇಲೆ ಬಂದ ಲಾಭದ ದರ, D1 ಎಂದರೆ ಮುಂದಿನ ವರ್ಷದ ಡಿವಿಡೆಂಡ್, P0 ಎಂದರೆ ಇಂದಿನ ಬೆಲೆ. ಹೊಸ ಷೇರು ಬಿಡುಗಡೆ ಮಾಡದೆ, ಸಾಲದ ಅನುಪಾತ ಹೆಚ್ಚಿಸದೆ, ತನ್ನ ಲಾಭದ ಉಳಿಕೆಯಿಂದಲೇ ಕಂಪನಿ ಎಷ್ಟು ಬೆಳೆಯಬಲ್ಲದು ಎಂಬುದನ್ನು g ಹೇಳುತ್ತದೆ. ಆರಂಭದ ಬಂಡವಾಳದ ಮೇಲೆ ಆರ್‌ಒಇ ತೆಗೆದರೆ ಮಾತ್ರ ಸೂತ್ರ ಬೀಜಗಣಿತವಾಗಿ ಸರಿಯಾಗಿ ಕೂರುತ್ತದೆ. ವೆಬ್‌ಸೈಟ್‌ಗಳು ಕೊಡುವ ಆರ್‌ಒಇ ಸಾಮಾನ್ಯವಾಗಿ ಸರಾಸರಿ ಇಲ್ಲವೇ ವರ್ಷಾಂತ್ಯದ ಬಂಡವಾಳದ ಮೇಲಿನದು. ಇನ್ಫೋಸಿಸ್‌ನ 2023-24ರ ಲಾಭ 26,233 ಕೋಟಿ ರೂಪಾಯಿ. ಇದು ಆರಂಭದ ಬಂಡವಾಳದ ಮೇಲೆ ಸುಮಾರು 35%, ಸರಾಸರಿಯ ಮೇಲೆ 32%, ವರ್ಷಾಂತ್ಯದ್ದರ ಮೇಲೆ 30%. ಮುಂದಿನ ಲೆಕ್ಕಕ್ಕೆ ನಾನು ನಡುವಿನ 32% ಇಟ್ಟುಕೊಳ್ಳುತ್ತೇನೆ. ಒಂದು ವರ್ಷದ ಏರಿಳಿತಕ್ಕೆ ಸಿಕ್ಕಿಕೊಳ್ಳದಿರಲು ಅದು ಒಳ್ಳೆಯದು, ಮತ್ತು ದೊಡ್ಡ ತಪ್ಪು ಬರುವುದು ಇಲ್ಲಿಂದ ಅಲ್ಲ.

ದೊಡ್ಡ ತಪ್ಪು ಬರುವುದು b ಕಡೆಯಿಂದ. 2022-23ನ್ನು ನೋಡಿ. ಪ್ರತಿ ಷೇರಿನ ಗಳಿಕೆ 57.63 ರೂಪಾಯಿ, ಆ ವರ್ಷಕ್ಕೆ ಘೋಷಿಸಿದ ಡಿವಿಡೆಂಡ್ 34 ರೂಪಾಯಿ. ಹಂಚಿಕೆ 59%, ಉಳಿಕೆ 41%. ಅದನ್ನು 32%ರಿಂದ ಗುಣಿಸಿದರೆ g ಸುಮಾರು 13%. ಹಾಗಿದ್ದರೆ ಆ ವರ್ಷ ಬಂಡವಾಳ ಹೆಚ್ಚುಕಡಿಮೆ 13% ಏರಿರಬೇಕಿತ್ತು. ಬ್ಯಾಲೆನ್ಸ್ ಶೀಟ್ ತೆರೆದರೆ 2022ರ ಮಾರ್ಚ್‌ನಲ್ಲೂ 75 ಸಾವಿರ ಕೋಟಿ ಚಿಲ್ಲರೆ, 2023ರ ಮಾರ್ಚ್‌ನಲ್ಲೂ 75 ಸಾವಿರ ಕೋಟಿ ಚಿಲ್ಲರೆ. ಏರಿಕೆ ಇಲ್ಲವೆಂದೇ ಹೇಳಬೇಕು.

ಹಣ ಹೋದದ್ದು ಬೈಬ್ಯಾಕ್‌ಗೆ. ಆ ವರ್ಷ ಕಂಪನಿ 9,300 ಕೋಟಿ ರೂಪಾಯಿಗೆ ತನ್ನದೇ ಷೇರುಗಳನ್ನು ಮರಳಿ ಕೊಂಡಿತು. ಆಗಿನ ಕಾನೂನಿನಂತೆ ಬೈಬ್ಯಾಕ್ ತೆರಿಗೆಯನ್ನು ಕಂಪನಿಯೇ ಕಟ್ಟಬೇಕಿದ್ದುದರಿಂದ ಅದರ ಮೇಲೆ ಇನ್ನೂ 2,000 ಕೋಟಿಗೂ ಮಿಕ್ಕಿದ ಮೊತ್ತ ಹೊರಹೋಯಿತು. ನಗದಾಗಿ ಪಾವತಿಸಿದ ಡಿವಿಡೆಂಡ್ ಸುಮಾರು 13,600 ಕೋಟಿ. ಮೂರನ್ನೂ ಕೂಡಿಸಿದರೆ 24,095 ಕೋಟಿ ಲಾಭಕ್ಕಿಂತ ಹೆಚ್ಚಾಗುತ್ತದೆ, ಅಂದರೆ ನಿಜವಾದ b ಸೊನ್ನೆಗಿಂತ ಸ್ವಲ್ಪ ಕೆಳಗೆ. ಆದ್ದರಿಂದ ನನ್ನ ಮೊದಲ ಹೆಜ್ಜೆ ವಾರ್ಷಿಕ ವರದಿಯಲ್ಲಿ ಷೇರುದಾರರ ಬಂಡವಾಳದ ಬದಲಾವಣೆಗಳ ಪಟ್ಟಿಯನ್ನು ತೆರೆಯುವುದು. ಆರಂಭದ ಬಂಡವಾಳಕ್ಕೆ ಲಾಭ ಕೂಡಿಸಿ, ಡಿವಿಡೆಂಡ್, ಬೈಬ್ಯಾಕ್, ತೆರಿಗೆ ಕಳೆದಾಗ ವರ್ಷಾಂತ್ಯದ ಬಂಡವಾಳದ ಹತ್ತಿರ ಬರಬೇಕು. ನೌಕರರ ಷೇರು ಯೋಜನೆ, ವಿದೇಶಿ ವಿನಿಮಯದ ಮರುಮೌಲ್ಯ ಇಂಥವುಗಳಿಂದ ಒಂದೆರಡು ಶೇಕಡಾ ವ್ಯತ್ಯಾಸ ಉಳಿದರೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಉಳಿದರೆ b ತಪ್ಪಿದೆ ಎಂದೇ ಅರ್ಥ.

ಬೈಬ್ಯಾಕ್ ಸೇರಿಸುವಾಗ ಒಂದು ಎಚ್ಚರ ಬೇಕು. ಆ ಬಾರಿ ಸುಮಾರು 6 ಕೋಟಿ ಷೇರುಗಳು, ಅಂದರೆ ಒಟ್ಟು ಷೇರುಗಳ 1.4% ರದ್ದಾದವು. ಕಂಪನಿಯ ಒಟ್ಟು ಬೆಳವಣಿಗೆ ನಿಂತರೂ ಪ್ರತಿ ಷೇರಿನ ಪಾಲು ಅಷ್ಟು ಹೆಚ್ಚುತ್ತದೆ. ಹಾಗಾಗಿ ಡಿವಿಡೆಂಡ್ ಮತ್ತು ಬೈಬ್ಯಾಕ್ ಎರಡನ್ನೂ ಹಂಚಿಕೆ ಎಂದು ಹಿಡಿದರೆ ಇಡೀ ಕಂಪನಿಯ ಮೌಲ್ಯ ಕಟ್ಟಿ, ಕೊನೆಗೆ ಇಂದಿನ ಷೇರುಗಳ ಸಂಖ್ಯೆಯಿಂದ ಭಾಗಿಸಬೇಕು. ಪ್ರತಿ ಷೇರಿನ ಡಿವಿಡೆಂಡ್ ಮಾತ್ರ ಹಿಡಿದರೆ, ಷೇರು ಕಡಿಮೆಯಾಗುವ ವೇಗವನ್ನು g ಜೊತೆ ಕೂಡಿಸಬೇಕು. ಬೈಬ್ಯಾಕ್ ಅನ್ನು ಹಂಚಿಕೆಯಲ್ಲೂ ಎಣಿಸಿ ಪ್ರತಿ ಷೇರಿನ ಬೆಳವಣಿಗೆಯಲ್ಲೂ ಎಣಿಸಿದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ತೊಡಕು ಸಮಯದ್ದು. 2023-24ಕ್ಕೆ ಕಂಪನಿ 18 ರೂಪಾಯಿ ಮಧ್ಯಂತರ, 20 ರೂಪಾಯಿ ಅಂತಿಮ, 8 ರೂಪಾಯಿ ವಿಶೇಷ, ಒಟ್ಟು 46 ರೂಪಾಯಿ ಡಿವಿಡೆಂಡ್ ಘೋಷಿಸಿತು. ಇದರಲ್ಲಿ 28 ರೂಪಾಯಿ ವಾರ್ಷಿಕ ಸಭೆಯ ಒಪ್ಪಿಗೆ ಪಡೆದು ಹೊರಹೋಗುವುದು ಮುಂದಿನ ಆರ್ಥಿಕ ವರ್ಷದಲ್ಲಿ. ಮಾರ್ಚ್ 31ರ ಬಂಡವಾಳದಲ್ಲಿ ಆ ಹಣ ಇನ್ನೂ ಕೂತಿರುತ್ತದೆ. ಆ ವರ್ಷ ಬಂಡವಾಳ ಸುಮಾರು 17% ಏರಿದಂತೆ ಕಾಣಲು ಇದೂ ಒಂದು ಕಾರಣ. ಒಂದೇ ವರ್ಷದ b ನಂಬಬಾರದು ಎನ್ನುವುದು ಇದಕ್ಕೇ. ಐದು ವರ್ಷದ ಒಟ್ಟು ಹಂಚಿಕೆಯನ್ನು ಐದು ವರ್ಷದ ಒಟ್ಟು ಲಾಭದಿಂದ ಭಾಗಿಸುವುದು ನನ್ನ ರೂಢಿ.

ಈ ಕಂಪನಿಯ ವಿಷಯದಲ್ಲಿ ಇನ್ನೂ ಒಳ್ಳೆಯ ಆಧಾರವಿದೆ. ಐದು ವರ್ಷಗಳ ಅವಧಿಯಲ್ಲಿ ಫ್ರೀ ಕ್ಯಾಶ್ ಫ್ಲೋದ, ಅಂದರೆ ಖರ್ಚು ಮತ್ತು ಹೂಡಿಕೆ ಕಳೆದು ಕೈಯಲ್ಲಿ ಉಳಿಯುವ ನಗದಿನ, ಸುಮಾರು 85%ನ್ನು ಡಿವಿಡೆಂಡ್ ಮತ್ತು ಬೈಬ್ಯಾಕ್ ಮೂಲಕ ಹಿಂದಿರುಗಿಸುವುದು ಅದರ ಘೋಷಿತ ನೀತಿ. ಫ್ರೀ ಕ್ಯಾಶ್ ಫ್ಲೋ ಲಾಭದ ಆಸುಪಾಸಿನಲ್ಲೇ ಇರುತ್ತದೆ ಎಂದುಕೊಂಡರೆ b ಸುಮಾರು 15%, g ಸುಮಾರು 4.8%.

ಈಗ ಒಂದೇ ಕಂಪನಿಗೆ ಮೂರು g ಸಿಕ್ಕವು. ಬೈಬ್ಯಾಕ್ ಬಿಟ್ಟ 2022-23ರ ಲೆಕ್ಕದಲ್ಲಿ 13%, 2023-24ರ 46 ರೂಪಾಯಿಯನ್ನು 63.39 ರೂಪಾಯಿ ಗಳಿಕೆಗೆ ಹೋಲಿಸಿದರೆ 8.8%, ನೀತಿಯ ಪ್ರಕಾರ 4.8%. r ಅನ್ನು 12% ಎಂದಿಡೋಣ: 2024ರ ಮಾರ್ಚ್‌ನಲ್ಲಿ 10 ವರ್ಷದ ಸರ್ಕಾರಿ ಬಾಂಡ್ ಸುಮಾರು 7% ಕೊಡುತ್ತಿತ್ತು, ಅದರ ಮೇಲೆ 5% ನನ್ನ ಅಂದಾಜು. ಮೊದಲ g ಹಾಕಿದರೆ ಛೇದ ಋಣವಾಗಿ ಸೂತ್ರ ಬೀಳುತ್ತದೆ. ಎರಡನೆಯದು 1,564 ರೂಪಾಯಿ ಕೊಡುತ್ತದೆ. ಮೂರನೆಯದರಲ್ಲಿ ಮುಂದಿನ ವರ್ಷದ ಗಳಿಕೆ 66.4 ರೂಪಾಯಿ, ಅದರ 85% ಎಂದರೆ 56.5, ಅದನ್ನು 7.2%ರಿಂದ ಭಾಗಿಸಿದರೆ ಸುಮಾರು 784 ರೂಪಾಯಿ. ಲಾಭವೂ ಒಂದೇ, ಆರ್‌ಒಇಯೂ ಒಂದೇ. b ಎಣಿಸಿದ ಬಗೆಯಷ್ಟೇ ಬೇರೆ, ಬೆಲೆ ಮಾತ್ರ ಅರ್ಧಕ್ಕೆ ಇಳಿಯಿತು.

13% ಬಂದಾಗ g ಅನ್ನು 10%ಕ್ಕೆ ಇಳಿಸಿ, ಡಿವಿಡೆಂಡ್ ಮಾತ್ರ ಹಾಗೇ ಬಿಡುವವರಿದ್ದಾರೆ. ಅದು ಸರಿಯಲ್ಲ. g ಇಳಿಸಿದರೆ ಅಷ್ಟು ಉಳಿಕೆಯ ಅಗತ್ಯವಿಲ್ಲ, ಹಂಚಿಕೆ ಏರಬೇಕು. ಹಾಗಾಗಿ ನನ್ನ ಹಾಳೆಯಲ್ಲಿ ಹಂಚಿಕೆಗೆ ಪ್ರತ್ಯೇಕ ಕೋಶವೇ ಇಲ್ಲ, g ಮತ್ತು ಆರ್‌ಒಇ ಕೊಟ್ಟರೆ ಹಂಚಿಕೆ ತಾನೇ ಹುಟ್ಟುತ್ತದೆ:

```
payout = 1 - g / ROE
P0 / EPS1 = (1 - g / ROE) / (r - g)
```

EPS1 ಎಂದರೆ ಮುಂದಿನ ವರ್ಷದ ಪ್ರತಿ ಷೇರಿನ ಗಳಿಕೆ. ಇಲ್ಲಿ ಕೂರಬೇಕಾದ ಆರ್‌ಒಇ ಯಾವುದು ಎಂಬುದೇ ಇಡೀ ಕೆಲಸದ ಹೃದಯ. 32% ಎಂಬುದು ಈಗಾಗಲೇ ಇರುವ ವ್ಯವಹಾರದ ಸರಾಸರಿ. ನಮಗೆ ಬೇಕಾದದ್ದು ಹೊಸದಾಗಿ ಉಳಿಸಿಕೊಂಡ ರೂಪಾಯಿ ಗಳಿಸುವ ದರ. ಸಾಫ್ಟ್‌ವೇರ್ ಸೇವೆಯ ಕಂಪನಿಗೆ ಬೆಳೆಯಲು ಗ್ರಾಹಕರು ಬೇಕು, ಜನ ಬೇಕು. ಬಂಡವಾಳ ಅಷ್ಟೇನೂ ಬೇಡ. ಉಳಿದ ಹಣದ ಒಂದು ಪಾಲು ಠೇವಣಿ, ಬಾಂಡ್‌ಗಳಲ್ಲಿ ಕೂರುತ್ತದೆ. ಅಲ್ಲಿ 7% ಬಡ್ಡಿ ಬಂದರೆ ಸುಮಾರು 25% ಕಾರ್ಪೊರೇಟ್ ತೆರಿಗೆ ಕಳೆದು ಉಳಿಯುವುದು 5.2%. 2023-24ರಲ್ಲಿ 46 ರೂಪಾಯಿ ಹಂಚಿ ಉಳಿದ ಗಳಿಕೆಯ 27% ಪೂರ್ತಿ ಹಾಗೆ ಕೂತಿದ್ದರೆ ಅದರಿಂದ ಬರುವ ಬೆಳವಣಿಗೆ 1.4% ಮಾತ್ರ, 8.8% ಅಲ್ಲ. ಕೈಯಲ್ಲಿ ನಗದು ಪೇರಿಸಿಕೊಳ್ಳುವ ಕಂಪನಿಗಳಲ್ಲಿ b × ROE ಮೋಸಮಾಡುವುದು ಹೀಗೆ. 2023-24ರಲ್ಲಿ ಇನ್ಫೋಸಿಸ್‌ನ ಆದಾಯ ರೂಪಾಯಿ ಲೆಕ್ಕದಲ್ಲಿ ಬೆಳೆದದ್ದು ಸುಮಾರು 4.7%. ಅಂದರೆ ಇಂಥ ಕಂಪನಿಗೆ b × ROE ಕೊಡುವ ದರ ಎಂಬುದು ಹಣದ ಕಡೆಯ ಮೇಲ್ಮಿತಿ. ಬೇಡಿಕೆ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು.

ಬ್ಯಾಂಕ್‌ಗಳಲ್ಲಿ ಇದು ತಿರುವುಮುರುವು, ಸಾಲ ಬೆಳೆದಂತೆ ಬಂಡವಾಳವೂ ಬೆಳೆಯಲೇಬೇಕು. ರಿಸರ್ವ್ ಬ್ಯಾಂಕ್ ಬಯಸುವ ಬಂಡವಾಳ ಅನುಪಾತ, ಬಫರ್ ಸೇರಿ, 11.5%. ಸಾಲ 18% ಬೆಳೆಸುತ್ತಾ b × ROE 12%ರಲ್ಲೇ ನಿಂತ ಬ್ಯಾಂಕ್ ಕೆಲವೇ ವರ್ಷದಲ್ಲಿ ಹೊಸ ಷೇರು ಮಾರಲು ಬರಲೇಬೇಕು. ಅಲ್ಲಿ ಈ ಸೂತ್ರ ಮುಂದಿನ ದಾರಿಯನ್ನೇ ಹೇಳುತ್ತದೆ.

ಹೊಸ ಹಣದ ಆರ್‌ಒಇ ಬದಲಾದರೆ ಏನಾಗುತ್ತದೆ ಎಂಬುದಕ್ಕೆ g ಅನ್ನು 6%, r ಅನ್ನು 12% ಇಟ್ಟು ನೋಡಿ. ಆರ್‌ಒಇ 32% ಇದ್ದರೆ ಹಂಚಿಕೆ 81%, ಬೆಲೆ ಮುಂದಿನ ವರ್ಷದ ಗಳಿಕೆಯ 13.5 ಪಟ್ಟು. 20% ಇದ್ದರೆ ಹಂಚಿಕೆ 70%, ಬೆಲೆ 11.7 ಪಟ್ಟು. 12% ಇದ್ದರೆ ಹಂಚಿಕೆ 50%, ಬೆಲೆ 8.3 ಪಟ್ಟು. ಈ ಕೊನೆಯದು 1/r ಅಷ್ಟೇ: ಆರ್‌ಒಇಯೂ r ಕೂಡ ಒಂದೇ ಆದಾಗ g ಅನ್ನು 2% ಮಾಡಿದರೂ 9% ಮಾಡಿದರೂ ಈ ಪಟ್ಟು ಕದಲುವುದಿಲ್ಲ. ಹಾಳೆ ಸರಿಯಾಗಿದೆಯೇ ಎಂದು ತಿಳಿಯಲು ನಾನು ಮೊದಲು ಮಾಡುವ ಪರೀಕ್ಷೆಯೇ ಇದು. ಆರ್‌ಒಇ ಕೋಶದಲ್ಲಿ r ಹಾಕಿ, g ಬದಲಿಸಿ ನೋಡಿ. P0 / EPS1 ಅಲುಗಾಡಿದರೆ ಎಲ್ಲೋ ಡಿವಿಡೆಂಡ್ ಮತ್ತು g ನಡುವಿನ ಕಟ್ಟು ಬಿಚ್ಚಿಹೋಗಿದೆ.

ಇಷ್ಟಾದ ಮೇಲೂ r − g ಸಣ್ಣದಾದಷ್ಟೂ ಉತ್ತರ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಅದಕ್ಕೇ ಈಗ ನಾನು ಮಾದರಿಯಿಂದ ಬೆಲೆ ಕೇಳುವುದಕ್ಕಿಂತ ಬೆಲೆಯಿಂದ g ಕೇಳುವುದೇ ಹೆಚ್ಚು. 2024ರ ಮಾರ್ಚ್ ಕೊನೆಗೆ ಷೇರು ಸುಮಾರು 1,500 ರೂಪಾಯಿ ಇತ್ತು. ಆರ್‌ಒಇ 32%, r 12% ಇಟ್ಟು ಎಕ್ಸೆಲ್‌ನ `Goal Seek`ನಿಂದ g ಹುಡುಕಿದರೆ 8.65% ಬರುತ್ತದೆ. r 11% ಆದರೆ ಸುಮಾರು 7.5%. ಈಗ ಕೇಳಬೇಕಾದ ಪ್ರಶ್ನೆ ನಿಖರವಾಗಿದೆ: ಈ ಕಂಪನಿ ಗಳಿಕೆಯ ಕಾಲುಭಾಗವನ್ನು ಪ್ರತಿ ವರ್ಷ ಒಳಗಿಟ್ಟುಕೊಂಡು, ಆ ಹೊಸ ಹಣದ ಮೇಲೂ 32% ದುಡಿಯುತ್ತಾ ಹೋಗಬಲ್ಲದೇ? 85% ಹಿಂದಿರುಗಿಸುವ ನೀತಿಗೂ ಈ ಊಹೆಗೂ ಹೊಂದುವುದಿಲ್ಲ. ಹೊಂದಬೇಕಾದರೆ ಬೆಳವಣಿಗೆಯ ಉಳಿದ ಪಾಲು ಬಂಡವಾಳ ಬೇಡದ ಕಡೆಯಿಂದ, ಅಂದರೆ ಬಿಲ್ಲಿಂಗ್ ದರ ಮತ್ತು ಆದಾಯದಲ್ಲಿ ಲಾಭದ ಪ್ರಮಾಣ ಏರುವುದರಿಂದ ಬರಬೇಕು. ಹಾಗೆ ಬಂದರೆ ಆರ್‌ಒಇ 32%ರಲ್ಲಿ ನಿಲ್ಲದೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಮುಂದಿನ ವಾರ್ಷಿಕ ವರದಿ ಬಂದಾಗ ನಾನು ಮೊದಲು ನೋಡುವುದು ಆ ಸಾಲನ್ನೇ.