ಥಕಾರವೋ ಶಕಾರವೋ: ಮೇಘದೂತದ ಒಂದು ಸಾಲಿನ ಪಾಠ ನೋಡಿದ ಬಗೆ

ತುಮಕೂರಿನ ನಮ್ಮ ಓದುಗೂಟದಲ್ಲಿ ಕಾಳಿದಾಸನ ಮೇಘದೂತ ಓದುವಾಗ ಎರಡನೆಯ ಪದ್ಯದ ಮೂರನೆಯ ಪಾದದಲ್ಲೇ ಪುಸ್ತಕಗಳು ಬೇರೆಯಾಗುತ್ತವೆ. ಒಬ್ಬರ ಕೈಯಲ್ಲಿ ಮಲ್ಲಿನಾಥನ ವ್ಯಾಖ್ಯಾನದ ಮುದ್ರಣ, ಇನ್ನೊಬ್ಬರ ಬಳಿ ವಲ್ಲಭದೇವನ ವ್ಯಾಖ್ಯಾನದೊಡನೆ ಹುಲ್ಟ್ಸ್ ಸಂಪಾದಿಸಿದ 1911ರ ಪುಸ್ತಕದ ಪ್ರತಿ. ಮೊದಲನೆಯದರಲ್ಲಿ ಸಾಲು ಹೀಗಿದೆ:

ಆಷಾಢಸ್ಯ ಪ್ರಥಮದಿವಸೇ ಮೇಘಮಾಶ್ಲಿಷ್ಟಸಾನುಂ

ಎರಡನೆಯದರಲ್ಲಿ:

ಆಷಾಢಸ್ಯ ಪ್ರಶಮದಿವಸೇ ಮೇಘಮಾಶ್ಲಿಷ್ಟಸಾನುಂ

ಬೇರೆಯಾಗಿರುವುದು ಒಂದೇ ಅಕ್ಷರ. ಆದರೆ ಯಕ್ಷ ಮೋಡವನ್ನು ಕಂಡದ್ದು ಆಷಾಢ ಹುಟ್ಟಿದ ದಿನವೋ ಮುಗಿದ ದಿನವೋ ಎಂಬುದು ಆ ಅಕ್ಷರದ ಮೇಲೆ ನಿಂತಿದೆ. ಇಂಥ ಕಡೆ ಅರ್ಥದಿಂದ ಶುರು ಮಾಡಿದರೆ ನಮಗೆ ಇಷ್ಟವಾದ ಪಾಠವೇ ಸರಿಯಾಗಿ ಕಾಣತೊಡಗುತ್ತದೆ. ಹಾಗಾಗಿ ನಾನು ಅರ್ಥವನ್ನು ಕೊನೆಗೆ ಇಟ್ಟುಕೊಂಡು ಛಂದಸ್ಸು, ಲಿಪಿ, ವ್ಯಾಕರಣ, ಕಾವ್ಯದ ಒಳಗಿನ ಸಾಕ್ಷ್ಯ ಎಂಬ ಕ್ರಮದಲ್ಲಿ ನೋಡುತ್ತೇನೆ.

ಛಂದಸ್ಸು ಇಲ್ಲಿ ಬೇಗ ಮುಗಿಯುತ್ತದೆ. ವೃತ್ತ ಮಂದಾಕ್ರಾಂತ: ಮೊದಲು ನಾಲ್ಕು ಗುರು, ಆಮೇಲೆ ಐದು ಲಘು, ಒಂದು ಗುರು. ಆ ಐದು ಲಘುಗಳಲ್ಲಿ ಮೊದಲ ಮೂರು ‘ಪ್ರಥಮ’ ಅಥವಾ ‘ಪ್ರಶಮ’. ಎರಡೂ ಮೂರು ಲಘುವೇ, ಹಿಂದಿನ ‘ಸ್ಯ’ ಎರಡರಲ್ಲೂ ‘ಪ್ರ’ ಎಂಬ ಒತ್ತಕ್ಷರದಿಂದಾಗಿ ಗುರುವೇ. ಪ್ರಸ್ತಾರ ಹಾಕಿದರೆ ಎರಡೂ ಪಾಸಾಗುತ್ತವೆ. ಕೆಟ್ಟ ಪಾಠಗಳಲ್ಲಿ ಎಷ್ಟೋ ಛಂದಸ್ಸಿನಲ್ಲೇ ಸಿಕ್ಕಿಬೀಳುತ್ತವೆ, ಇದು ಅಂಥದ್ದಲ್ಲ.

ಲಿಪಿಗೆ ಬಂದರೆ ಸ್ವಲ್ಪ ನಿಲ್ಲಬೇಕು. ಹತ್ತನೆಯ ಶತಮಾನದ ಕಾಶ್ಮೀರದ ವಲ್ಲಭದೇವ ‘ಪ್ರಶಮ’ವನ್ನು ಓದಿ, ಶಕಾರ ಥಕಾರಗಳ ಬರವಣಿಗೆ ಒಂದರಂತೊಂದು ಕಾಣುವುದರಿಂದ ಮೋಸಹೋಗಿ ಕೆಲವರು ‘ಪ್ರಥಮ’ ಎಂದರು ಎನ್ನುತ್ತಾನೆ. ಅವನ ಮುಂದಿದ್ದ ಲಿಪಿಯಲ್ಲಿ ಅದು ನಡೆಯುವ ಮಾತು. ನಾಗರಿಯ ಕೈಬರಹದಲ್ಲೂ थ ಮತ್ತು श ಅವಸರದಲ್ಲಿ ಕಲೆಯುತ್ತವೆ. ಕನ್ನಡದಲ್ಲಿ ಹಾಗಾಗುವುದು ಕಷ್ಟ. ನಮ್ಮ ಓಲೆಗರಿಯಲ್ಲಿ ಥ ಕಲೆಯುವುದು ಧ ಜೊತೆಗೆ: ಥಕಾರದ ಒಳಗಿನ ಚುಕ್ಕೆಯನ್ನು ಕಂಟ ಬಿಟ್ಟರೆ, ಅಥವಾ ಮಸಿ ಕೂರದಿದ್ದರೆ, ‘ಪ್ರಧಮ’ ಎಂದೇ ಕಾಣುತ್ತದೆ. ಪಾವಗಡದ ಕಡೆಯ, ಕೋಲಾರದ ಕಡೆಯ ತೆಲುಗು ಲಿಪಿಯ ಸಂಸ್ಕೃತ ಪುಸ್ತಕಗಳಿಗೂ ಇದೇ ಮಾತು ಹೊಂದುತ್ತದೆ. ‘ಪ್ರಧಮ’ ಎಂದು ಕಂಡರೆ ಅದನ್ನು ಮೂರನೆಯ ಪಾಠಾಂತರವೆಂದು ಎಣಿಸಬಾರದು; ಅದು ‘ಪ್ರಥಮ’ದ ಕಾಗುಣಿತವಷ್ಟೇ. ಇದರಿಂದ ಒಂದು ಕೆಲಸದ ತೀರ್ಮಾನ ಸಿಗುತ್ತದೆ. ಕನ್ನಡ ಲಿಪಿಯ ಪ್ರತಿಯಲ್ಲಿ ಶ ಆಗಲಿ ಥ ಆಗಲಿ ಸ್ಪಷ್ಟವಾಗಿದ್ದರೆ, ಆ ಭೇದ ನಮ್ಮ ಲಿಪಿಕಾರನ ಕಣ್ಣಿನಲ್ಲಿ ಹುಟ್ಟಿದ್ದಲ್ಲ, ಅವನ ಮೂಲಪ್ರತಿಯಲ್ಲೇ ಇದ್ದದ್ದು.

ಓಲೆ ನೋಡುವಾಗ ಇನ್ನೊಂದು ಎಚ್ಚರ ಬೇಕು. ವ್ಯಾಖ್ಯಾನಸಹಿತ ಪ್ರತಿಗಳಲ್ಲಿ ಮೇಲಿನ ಮೂಲವನ್ನು ನಂಬಬೇಡಿ. ಲಿಪಿಕಾರ ಮೂಲವನ್ನು ಒಂದು ಕಡೆಯಿಂದ, ವ್ಯಾಖ್ಯಾನವನ್ನು ಇನ್ನೊಂದು ಕಡೆಯಿಂದ ಎತ್ತಿರಬಹುದು, ಅಥವಾ ಬಾಯಿಪಾಠದ ಬಲದಿಂದ ಮೂಲವನ್ನು ಬರೆದಿರಬಹುದು. ವ್ಯಾಖ್ಯಾನಕಾರ ನಿಜವಾಗಿ ಏನನ್ನು ಓದಿದ ಎನ್ನುವುದು ವ್ಯಾಖ್ಯಾನದೊಳಗೆ ಅವನು ಪದ ಎತ್ತಿಕೊಂಡು ಅರ್ಥ ಹೇಳುವ ಜಾಗದಲ್ಲಿ ತಿಳಿಯುತ್ತದೆ. ಮೇಲೆ ‘ಪ್ರಥಮ’ ಇದ್ದು ಕೆಳಗೆ ‘ಸಮಾಪ್ತಿ’ಯ ದಿನ ಎಂಬ ಅರ್ಥವಿದ್ದರೆ ಮೂಲ ಬದಲಾಗಿದೆ ಎಂದೇ ಲೆಕ್ಕ. ನನ್ನ ಹಾಳೆಯಲ್ಲಿ ಪ್ರತಿ ಪುಸ್ತಕಕ್ಕೂ ಎರಡು ಕಲಂ ಇರುತ್ತವೆ, ಮೂಲದಲ್ಲಿ ಕಂಡ ಪಾಠಕ್ಕೊಂದು, ವ್ಯಾಖ್ಯಾನದಿಂದ ತಿಳಿಯುವ ಪಾಠಕ್ಕೊಂದು.

ಇನ್ನು ವ್ಯಾಕರಣ. ಎರಡು ಪಾಠಗಳಲ್ಲೂ ಕೊನೆಯ ಪದ ‘ದಿವಸೇ’, ಸಪ್ತಮಿ. ಎರಡರಲ್ಲೂ ‘ಆಷಾಢಸ್ಯ’ ಷಷ್ಠಿ. ಮೇಲ್ನೋಟಕ್ಕೆ ವಾಕ್ಯರಚನೆ ಒಂದೇ ಅನ್ನಿಸುತ್ತದೆ. ವಿಗ್ರಹವಾಕ್ಯ ಬಿಡಿಸಿ ಬರೆದಾಗಲೇ ಬೇರೆ ಎನ್ನುವುದು ಗೊತ್ತಾಗುವುದು.

‘ಪ್ರಥಮದಿವಸ’ ಕರ್ಮಧಾರಯ: ಪ್ರಥಮವೂ ಅದೇ, ದಿವಸವೂ ಅದೇ. ‘ಪ್ರಥಮ’ ಬರೀ ವಿಶೇಷಣ, ಅದಕ್ಕೆ ಯಾರ ಹಂಗೂ ಇಲ್ಲ. ಷಷ್ಠಿ ನೇರವಾಗಿ ಹೋಗಿ ‘ದಿವಸ’ಕ್ಕೆ ಅಂಟುತ್ತದೆ: ಆಷಾಢದ ದಿವಸ, ಅದರಲ್ಲಿ ಮೊದಲನೆಯದು. ತಕರಾರಿಲ್ಲ.

‘ಪ್ರಶಮದಿವಸ’ ಷಷ್ಠೀ ತತ್ಪುರುಷ: ಪ್ರಶಮದ ದಿವಸ. ‘ಪ್ರಶಮ’ ನಾಮಪದ, ಶಮ್ ಧಾತುವಿನಿಂದ ಬಂದದ್ದು, ತಣಿಯುವುದು, ಅಡಗುವುದು ಎಂಬ ಕ್ರಿಯೆ ಅದರೊಳಗಿದೆ. ಅಡಗುವುದು ಎಂದ ಕೂಡಲೇ ಯಾವುದು ಅಡಗುವುದು ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ‘ಆಷಾಢಸ್ಯ’. ಅಂದರೆ ಷಷ್ಠಿ ಈಗ ‘ದಿವಸ’ವನ್ನು ಬಿಟ್ಟು ಸಮಾಸದ ಒಳಗೆ ಕೈಹಾಕಿ ಪೂರ್ವಪದವನ್ನು ಹಿಡಿದಿದೆ. ಮೊದಲಿನ ಪಾಠದಲ್ಲಿ ಬರೀ ಸಂಬಂಧ ಹೇಳುತ್ತಿದ್ದ ಷಷ್ಠಿ ಈ ಪಾಠದಲ್ಲಿ ಅಡಗುವ ಕ್ರಿಯೆಯ ಕರ್ತೃವನ್ನು ಹೇಳುತ್ತಿದೆ.

ವೈಯಾಕರಣರು ಇಲ್ಲಿ ಕೈ ಅಡ್ಡ ಹಿಡಿಯಬಹುದು. ಸಮಾಸದ ಒಳಗಿನ ಪದ ಹೊರಗಿನ ಪದವನ್ನು ಬಯಸುತ್ತಿದ್ದರೆ ಅದು ಸಮಾಸಕ್ಕೆ ಅಸಮರ್ಥ, ‘ಸಾಪೇಕ್ಷಮಸಮರ್ಥಂ ಭವತಿ’ ಎಂದು ಮಹಾಭಾಷ್ಯದ ಮಾತು. ಇದನ್ನು ಹಿಡಿದು ‘ಪ್ರಶಮ’ವನ್ನು ಅಶುದ್ಧವೆಂದು ಹೊಡೆದುಹಾಕುವ ಆಸೆ ಬರುತ್ತದೆ. ಹಾಗೆ ಮಾಡಬಾರದು. ಅದೇ ಭಾಷ್ಯ ‘ದೇವದತ್ತಸ್ಯ ಗುರುಕುಲಮ್’ ಎಂಬುದನ್ನು ಒಪ್ಪುತ್ತದೆ. ಗುರು ಎಂದರೆ ಯಾರಿಗೋ ಗುರುವೇ. ಆ ಅಪೇಕ್ಷೆ ಪದದ ಜೊತೆಗೇ ಹುಟ್ಟಿದ್ದು, ಅರ್ಥ ತಿಳಿಯಲು ಅಡ್ಡಿಯಿಲ್ಲ. ಪ್ರಶಮವೂ ಹಾಗೆಯೇ, ಯಾವುದೋ ಒಂದರ ಪ್ರಶಮವೇ. ಆದ್ದರಿಂದ ‘ಪ್ರಶಮ’ ಪಾಠ ಶುದ್ಧ, ಆದರೆ ರಚನೆ ಬಿಗಿ. ‘ಪ್ರಥಮ’ ಶುದ್ಧ ಮತ್ತು ಸಲೀಸು. ಈ ವ್ಯತ್ಯಾಸವನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾವ್ಯದೊಳಗೆ ಕಾಲ ಹೇಳುವ ಜಾಗಗಳು ಮುಖ್ಯವಾಗಿ ಎರಡು. ನಾಲ್ಕನೆಯ ಪದ್ಯದಲ್ಲಿ ‘ಪ್ರತ್ಯಾಸನ್ನೇ ನಭಸಿ’, ಶ್ರಾವಣ ಹತ್ತಿರ ಬಂದಿರಲು, ಎಂದಿದೆ. ಕೊನೆಯ ಕಡೆಗೆ ಯಕ್ಷ ಹೆಂಡತಿಗೆ ಹೇಳಿಕಳಿಸುವ ಮಾತಿನಲ್ಲಿ, ವಿಷ್ಣು ಹಾವಿನ ಹಾಸಿಗೆಯಿಂದ ಏಳುವಾಗ ನನ್ನ ಶಾಪ ಮುಗಿಯುತ್ತದೆ, ಉಳಿದ ನಾಲ್ಕು ತಿಂಗಳನ್ನು ಕಣ್ಣು ಮುಚ್ಚಿ ಕಳೆ, ಎಂದಿದೆ. ವಿಷ್ಣು ಏಳುವುದು ಕಾರ್ತಿಕ ಶುದ್ಧ ಏಕಾದಶಿ, ನಮ್ಮ ತುಳಸಿ ಹಬ್ಬದ ಹಿಂದಿನ ದಿನ. ಮಲಗುವುದು ಆಷಾಢ ಶುದ್ಧ ಏಕಾದಶಿ. ನಡುವೆ ಸರಿಯಾಗಿ ನಾಲ್ಕು ತಿಂಗಳು.

ಈಗ ಪಂಚಾಂಗ ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕು. ತುಮಕೂರಿನ ಗೋಡೆಯ ಪಂಚಾಂಗ ಅಮಾಂತ: ತಿಂಗಳು ಪಾಡ್ಯಕ್ಕೆ ಶುರು, ಅಮಾವಾಸ್ಯೆಗೆ ಕೊನೆ. ಮೋಡ ಕಂಡದ್ದು ಆಷಾಢದ ಮೊದಲ ದಿನ, ಅಂದರೆ ಶುದ್ಧ ಪಾಡ್ಯ ಎಂದಾದರೆ ಉಳಿಯುವುದು ನಾಲ್ಕು ತಿಂಗಳು ಹತ್ತು ದಿನ. ಕೊನೆಯ ದಿನ, ಅಂದರೆ ಭೀಮನ ಅಮಾವಾಸ್ಯೆ ಎಂದಾದರೆ ನಾಲ್ಕು ತಿಂಗಳಿಗೆ 19 ತಿಥಿ ಕಡಿಮೆ. (ಗಂಡನ ಆಯುಷ್ಯಕ್ಕಾಗಿ ಹೆಂಡತಿ ಪೂಜೆ ಮಾಡುವ ದಿನ ಯಕ್ಷ ಮೋಡ ಕಂಡ ಎನ್ನುವುದು ನಮ್ಮ ಕಡೆಯವರಿಗೆ ಬಲು ಹಿಡಿಸುತ್ತದೆ. ಅದು ನಮ್ಮ ಹಬ್ಬ, ಕಾಳಿದಾಸನಿಗೆ ಸಾಕ್ಷಿ ಅಲ್ಲ.) ಮಲ್ಲಿನಾಥ ಹಾಕುವುದು ಇದೇ ಲೆಕ್ಕ. ‘ಪ್ರಶಮ’ವೆಂದರೆ 20 ದಿನ ಕೊರತೆ ಬೀಳುತ್ತದೆ, ‘ಪ್ರಥಮ’ದಲ್ಲಿ ಬರುವ ಹತ್ತು ದಿನದ ಹೆಚ್ಚಳವನ್ನು ಕವಿ ಎಣಿಸಿಲ್ಲ ಎನ್ನುತ್ತಾನೆ. ಶ್ರಾವಣ ಹತ್ತಿರ ಬಂತು ಎಂಬುದಕ್ಕೂ, ಆಷಾಢದ ಪಕ್ಕದ ತಿಂಗಳೇ ಶ್ರಾವಣವಾದ್ದರಿಂದ ಮೊದಲ ದಿನವೂ ಸಾಕು ಎಂಬುದು ಅವನ ವಾದ. ‘ಪ್ರಶಮ’ ಆ ಹತ್ತಿರವನ್ನು ಹೊಂದಿಸಲು ಕೆಲವರು ಕಲ್ಪಿಸಿದ ಪಾಠವಂತೆ.

ಲೆಕ್ಕವನ್ನು ಪೂರ್ಣಿಮಾಂತದಲ್ಲಿ ಮತ್ತೆ ಹಾಕಿದರೆ ಚಿತ್ರ ತಿರುಗಿಬೀಳುತ್ತದೆ. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಆಷಾಢದ ಕೊನೆಯ ದಿನ ಗುರುಪೂರ್ಣಿಮೆ. ಅಲ್ಲಿಂದ ನಾಲ್ಕು ತಿಂಗಳಿಗೆ ಬರೀ ನಾಲ್ಕು ತಿಥಿ ಕಡಿಮೆ. ಮೊದಲ ದಿನವೆಂದರೆ 25 ತಿಥಿ ಹೆಚ್ಚು. ಅಮಾಂತದಲ್ಲಿ ‘ಪ್ರಥಮ’ ಮೇಲು, ಪೂರ್ಣಿಮಾಂತದಲ್ಲಿ ‘ಪ್ರಶಮ’ ಮೇಲು. ಆದ್ದರಿಂದ ತಿಂಗಳ ಲೆಕ್ಕ ಪಾಠವನ್ನು ತೀರ್ಮಾನಿಸುವುದಿಲ್ಲ; ಲೆಕ್ಕ ಹಾಕಿದವನ ಪಂಚಾಂಗ ಯಾವುದು ಎಂದು ಮಾತ್ರ ಹೇಳುತ್ತದೆ. ನಮ್ಮ ಕಡೆ ಓದುವವರು ಅಮಾಂತವನ್ನು ಸಹಜವೆಂದು ಹಿಡಿದು ಇಲ್ಲಿಯೇ ಎಡವುತ್ತಾರೆ.

ಮಳೆಯ ವಾದವನ್ನೂ ಹೀಗೇ ತೂಗಬೇಕು. ಋತುವಿನ ಪಟ್ಟಿಯಲ್ಲಿ ಜ್ಯೇಷ್ಠ ಆಷಾಢ ಗ್ರೀಷ್ಮ, ಶ್ರಾವಣ ಭಾದ್ರಪದ ವರ್ಷ. ‘ಪ್ರಶಮ’ ಎಂದರೆ ಬೇಸಿಗೆ ಅಡಗಿ ಮಳೆಗಾಲ ಹೊಸ್ತಿಲಲ್ಲಿ ನಿಂತ ದಿನ, ಮೋಡಕ್ಕೆ ಒಪ್ಪುತ್ತದೆ. ಇದು ಸ್ವಲ್ಪ ಬಲವಾದ ಮಾತೇ. ಆದರೆ ಆಷಾಢ ಎಂದರೆ ಗಾಳಿ, ಮಳೆ ಬರುವುದು ಆಮೇಲೆ ಎಂಬ ನಮ್ಮ ಬಯಲುಸೀಮೆಯ ಅನುಭವವನ್ನು ರಾಮಗಿರಿಯ ಮೇಲೆ ಹೇರಬೇಡಿ.

ಉಳಿದದ್ದು ದಿಕ್ಕಿನ ಪ್ರಶ್ನೆ: ಯಾವುದರಿಂದ ಯಾವುದು ಹುಟ್ಟಿತು? ‘ಪ್ರಥಮದಿವಸ’ ಯಾರ ಬಾಯಿಗೂ ಬರುವ ಮಾತು. ತಿಂಗಳಿಗೆ ‘ಪ್ರಶಮ’ ಹೇಳುವುದು ಅಪರೂಪ, ರಚನೆಯೂ ಬಿಗಿ. ಲಿಪಿಕಾರನ ಕೈ ಯೋಚಿಸದೆ ಜಾರುವುದು ಅಪರೂಪದ್ದರಿಂದ ಬಳಕೆಯದ್ದರ ಕಡೆಗೆ. ಎದುರು ದಿಕ್ಕಿಗೆ ಹೋಗಬೇಕಾದರೆ ಓದುಬಲ್ಲವನೊಬ್ಬ ಕೂತು ತಿದ್ದಿರಬೇಕು. ಇಲ್ಲಿ ತೊಡಕೆಂದರೆ, ಅಂಥ ತಿದ್ದುಪಡಿಗೆ ಕಾರಣವೂ ಕಾವ್ಯದಲ್ಲೇ ಇದೆ, ‘ಪ್ರತ್ಯಾಸನ್ನೇ ನಭಸಿ’. ‘ಪ್ರಶಮ’ದ ಪರವಾದ ಸಾಕ್ಷ್ಯವೇ ಅದನ್ನು ಕಲ್ಪಿಸಲು ಪ್ರೇರಣೆಯೂ ಆಗಬಲ್ಲದು. ಹಾಗಿದ್ದೂ ನಾನು ‘ಪ್ರಶಮ’ದ ಕಡೆಗೆ ವಾಲುತ್ತೇನೆ, ವಲ್ಲಭದೇವ ಹಳಬ ಎಂಬ ಕಾರಣಕ್ಕಲ್ಲ, ಅಕ್ಷರಸಾಮ್ಯದ ಅವನ ವಿವರಣೆಗೆ ಯಾರ ಜಾಣತನವೂ ಬೇಕಿಲ್ಲ ಎಂಬ ಕಾರಣಕ್ಕೆ.

ಆದರೆ ಮಲ್ಲಿನಾಥನ ವ್ಯಾಖ್ಯಾನವನ್ನು ಅಚ್ಚು ಹಾಕುವವರು ಮೇಲೆ ‘ಪ್ರಥಮ’ವನ್ನೇ ಇಡಬೇಕು, ಇಲ್ಲದಿದ್ದರೆ ಕೆಳಗಿನ ಅವನ ವಾದಕ್ಕೆ ತಲೆಬುಡ ಇರುವುದಿಲ್ಲ. ಅಡಿಟಿಪ್ಪಣಿಯಲ್ಲಿ ‘ಪಾಠಾಂತರ: ಪ್ರಶಮ’ ಎಂದಷ್ಟೇ ಹಾಕಿದರೂ ಸಾಲದು. ನಾನು ಬರೆಯುವುದು ಹೀಗೆ: “ಪ್ರಥಮದಿವಸೇ: ಮಲ್ಲಿ. (ಕರ್ಮಧಾರಯ, ಷಷ್ಠಿ ದಿವಸಕ್ಕೆ). ಪ್ರಶಮದಿವಸೇ: ವಲ್ಲಭ. (ಷಷ್ಠೀ ತತ್ಪುರುಷ, ಷಷ್ಠಿ ಪ್ರಶಮಕ್ಕೆ). ಛಂದಸ್ಸು ಎರಡಕ್ಕೂ ಸರಿ. ಹೋಲಿಸಿ: ಪ್ರತ್ಯಾಸನ್ನೇ ನಭಸಿ, ಮಾಸಾನ್ ಗಮಯ ಚತುರಃ.” ಕೊನೆಯ ಎರಡು ಉಲ್ಲೇಖ ಬಿಟ್ಟರೆ ಓದುಗ ಈ ಪದ್ಯವೊಂದನ್ನೇ ನೋಡಿ ‘ಪ್ರಥಮ’ ಸರಿಯಾಗಿಯೇ ಇದೆಯಲ್ಲ ಎಂದು ಮುಂದೆ ಹೋಗಿಬಿಡುತ್ತಾನೆ.