ಬಿಸಿಲಲ್ಲಿ ಸಿಲಿಂಡರ್ ಹೊತ್ತು ಬಂದವರನ್ನು ಬರಮಾಡಿಕೊಳ್ಳುವ ಬಗೆ

ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಮನೆಬಳಕೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ ಇರುತ್ತದೆ. ಉಕ್ಕಿನ ತೂಕವೂ ಸೇರಿದರೆ ಅದು ಸುಮಾರು 30 ಕಿಲೋ ಆಗುತ್ತದೆ. ಆ ಬಿಸಿಲಿನಲ್ಲಿ ಅದನ್ನು ಹೆಗಲ ಮೇಲಿಟ್ಟುಕೊಂಡು ಎರಡನೇ ಮಹಡಿಗೆ ಹತ್ತಿ ಬಂದವರಿಗೆ ಕೆಳಗೆ ಗಾಡಿಯಲ್ಲಿ ಇನ್ನೂ ಹತ್ತಾರು ಸಿಲಿಂಡರು ಕಾದಿರುತ್ತವೆ. ಆದ್ದರಿಂದ ಉಪಚಾರದ ಮೊದಲ ಭಾಗವೆಂದರೆ ಅವರನ್ನು ಕಾಯಿಸದಿರುವುದು.

ಗಾಡಿ ಬೀದಿಗೆ ಬಂದ ಸದ್ದು ಕೇಳಿದೊಡನೆ ಖಾಲಿ ಸಿಲಿಂಡರಿಗೆ ಮುಚ್ಚಳ ಹಾಕಿ ಬಾಗಿಲ ಬಳಿ ತಂದಿಡಿ. ಮೊಬೈಲಿಗೆ ಬಂದಿರುವ ಡೆಲಿವರಿ ಕೋಡನ್ನೂ ಹಣವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಅವರು ಬಂದು ನಿಂತ ಮೇಲೆ ಹಳೆಯ ಮೆಸೇಜುಗಳಲ್ಲಿ ಕೋಡ್ ಹುಡುಕುವುದು ನಾವು ಸಾಮಾನ್ಯವಾಗಿ ಕೊಡುವ ತೊಂದರೆ.

ಬಾಗಿಲು ತೆರೆದು, "ನಮಸ್ಕಾರ್ರೀ ಅಣ್ಣಾ, ಬರ್ರಿ, ಫ್ಯಾನಿನ ಕೆಳಗ ಕೂಡ್ರಿ" ಎಂದರೆ ಸಾಕು. ನೀರನ್ನು ಮಾತ್ರ "ಬೇಕೇನು?" ಎಂದು ಕೇಳಬೇಡಿ, ಕೇಳಿದರೆ ಸಂಕೋಚದಿಂದ ಬೇಡವೆನ್ನುವವರೇ ಹೆಚ್ಚು. ತಂಬಿಗೆಯಲ್ಲಿ ಮಡಕೆಯ ನೀರನ್ನು ತಂದು ಮುಂದಿಡಿ. ತಂಬಿಗೆಯಾದರೆ ಎತ್ತಿ ಕುಡಿಯಲು ಅನುಕೂಲ, ಬೇಕಾದಷ್ಟು ಕುಡಿಯಲೂಬಹುದು. ಲೋಟದಲ್ಲಿ ಕೊಡುವುದಾದರೆ ಮನೆಯವರು ಕುಡಿಯುವ ಲೋಟದಲ್ಲಿಯೇ ಕೊಡಿ. ಹೊರಗಿನವರಿಗೆಂದು ಸೊಟ್ಟಾದ ಲೋಟವೊಂದನ್ನು ಬೇರೆ ಎತ್ತಿಡುವ ಮನೆಗಳು ಇಂದಿಗೂ ಇವೆ, ಬಂದವರಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ. ಉಪವಾಸವೆಂದರೆ ಒತ್ತಾಯಿಸದೆ ಕೈಕಾಲು, ಮುಖ ತೊಳೆಯಲು ನೀರು ತೋರಿಸಿ.

ಮಜ್ಜಿಗೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಬೆವರಿನಲ್ಲಿ ಹೋದ ಉಪ್ಪೂ ಅದರಿಂದ ಮರಳುತ್ತದೆ. ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು, ಚಿಟಿಕೆಯಷ್ಟು ಉಪ್ಪು, ಸ್ವಲ್ಪ ಜೀರಿಗೆ ಪುಡಿ ಸಾಕು. ಬೆಳಿಗ್ಗೆ ಕಡೆದು ಹೊರಗಿಟ್ಟರೆ ಮಧ್ಯಾಹ್ನದೊಳಗೆ ಹುಳಿಯಾಗುವುದರಿಂದ, ಮೊಸರನ್ನು ಫ್ರಿಜ್ಜಿನಲ್ಲಿಟ್ಟು ಬೇಕಾದಾಗ ಕಡೆಯಿರಿ.

ಸಿಲಿಂಡರನ್ನು ತೂಗಿ ತೋರಿಸಲು, ಸೀಲ್ ಮತ್ತು ಸೋರಿಕೆ ಪರೀಕ್ಷಿಸಲು ಕೇಳುವುದು ನಮ್ಮ ಹಕ್ಕು. ಅದನ್ನು ಅವರು ನೀರು ಕುಡಿದು ಉಸಿರು ತೆಗೆದುಕೊಂಡ ಮೇಲೆ, ಸಂಶಯದ ದನಿಯಿಲ್ಲದೆ ಕೇಳಿದರೆ ಚೆನ್ನ. ಬಿಲ್ಲಿನಲ್ಲಿರುವುದಕ್ಕಿಂತ ಹೆಚ್ಚು ಕೊಡಲೇಬೇಕೆಂದಿಲ್ಲ. ಮೆಟ್ಟಿಲು ಹತ್ತಿದ್ದಕ್ಕೆಂದು ಕೊಡುವ ಮನಸ್ಸಿದ್ದರೆ ಗೊಣಗದೆ ಕೈಗೆ ಕೊಟ್ಟು, "ಬಿಸಿಲಾಗ ಭಾಳ ತ್ರಾಸ ಆತು ನಿಮಗ, ಉಪಕಾರ ಆತ್ರೀ" ಎನ್ನಿ. ಅವರ ಬಾಟಲಿ ಖಾಲಿಯಿದ್ದರೆ ತುಂಬಿಸಿಕೊಡಿ.

ಅವರಿಗೆ ತಲೆ ಸುತ್ತುತ್ತಿದ್ದರೆ, ಕಾಲು ಸೆಳೆಯುತ್ತಿದ್ದರೆ ನೆರಳಿನಲ್ಲಿ ಕೂರಿಸಿ, 1 ಲೀಟರ್ ನೀರಿಗೆ ಓಆರ್‌ಎಸ್‌ನ ಒಂದು ದೊಡ್ಡ ಪೊಟ್ಟಣ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆಯಿಟ್ಟು ಗಾಳಿ ಬೀಸುತ್ತಿರಿ.