"ಗೌಪ್ಯ ಮಾಹಿತಿ ಹಾಕ್ಬೇಡಿ" ಅಂತ ಬರೆದು ಸೋತೆ, ಆಮೇಲೆ ಏನ್ ಬರೆದೆ

ನಮ್ದು ಮೈಸೂರಲ್ಲಿರೋ ನಲವತ್ತು ಜನರ ಚಿಕ್ಕ ಕಂಪನಿ. ಸಾಲ ಕೊಡೋ ಒಂದು ಫೈನಾನ್ಸ್ ಕಂಪನಿಗೆ ಕಸ್ಟಮರ್ ಸಪೋರ್ಟ್ ಮಾಡ್ಕೊಡ್ತೀವಿ, ಅಂದ್ರೆ ಅವರ ಗ್ರಾಹಕರ ಮೇಲು, ಕಾಲು, ಕಂಪ್ಲೇಂಟು ಎಲ್ಲ ನಮ್ ಹುಡುಗ್ರೇ ನೋಡೋದು. ನಾನು ಆಪರೇಷನ್ಸ್ ನೋಡ್ಕೊಳ್ಳೋಳು, ಲಾಯರ್ ಅಲ್ಲ, ಸೆಕ್ಯುರಿಟಿ ಓದ್ಕೊಂಡೋಳೂ ಅಲ್ಲ. ಆದ್ರೂ ಎಐ ಪಾಲಿಸಿ ಬರೆಯೋ ಕೆಲಸ ನನ್ ತಲೆ ಮೇಲೇ ಬಂತು. ಚಿಕ್ಕ ಕಂಪನೀಲಿ ಯಾರ ಕೆಲಸಾನೂ ಅಲ್ಲದ್ದೆಲ್ಲ ಆಪರೇಷನ್ಸ್ ಕೆಲಸಾನೇ ತಾನೆ.

ಮೊದಲನೇ ಸಲ ನಾನು ಮಾಡಿದ್ದು ಎಲ್ರೂ ಮಾಡೋದನ್ನೇ, ಅಲ್ಲಿ ಇಲ್ಲಿ ನೋಡಿ ಒಂದು ಸಾಲು ಬರೆದೆ: "ಸಂಸ್ಥೆಯ ಗೌಪ್ಯ ಅಥವಾ ಸೂಕ್ಷ್ಮ ಮಾಹಿತಿಯನ್ನು ಯಾವುದೇ ಎಐ ಸಾಧನದಲ್ಲಿ ನಮೂದಿಸತಕ್ಕದ್ದಲ್ಲ." ಓದೋಕೆ ಗಂಭೀರವಾಗಿತ್ತು, ನಲವತ್ತು ಜನಾನೂ ಸೈನ್ ಹಾಕಿದ್ರು, ಫೈಲಿಗೆ ಸೇರಿಸಿದ್ದಾಯ್ತು. ಮೂರು ವಾರ ಆಗಿರ್ಬೋದು, ಒಂದಿನ ಸಂಜೆ ಸೀಟ್ ಹತ್ರ ಹಾದು ಹೋಗ್ತಾ ನೋಡ್ತೀನಿ, ನಮ್ ಟೀಮ್‌ನ ಒಬ್ಬ ಹುಡುಗಿ ಗ್ರಾಹಕರ ಕಂಪ್ಲೇಂಟ್ ಮೇಲ್ ಪೂರ್ತಿ ತಗೊಂಡು ತನ್ನ ಸ್ವಂತ ಜಿಮೇಲ್‌ನಲ್ಲಿ ಲಾಗಿನ್ ಆಗಿದ್ದ ಫ್ರೀ ಚಾಟ್‌ಜಿಪಿಟಿಗೆ ಪೇಸ್ಟ್ ಮಾಡಿದಾಳೆ, ಕೆಳಗೆ "ಒಳ್ಳೆ ಇಂಗ್ಲಿಷಲ್ಲಿ ರಿಪ್ಲೈ ಬರ್ಕೊಡು" ಅಂತಿದೆ.

"ಏನಮ್ಮಾ ಇದು, ಪಾಲಿಸಿಗೆ ಸೈನ್ ಹಾಕಿದ್ಯಲ್ಲ?" ಅಂದೆ.

"ಇಲ್ಲ ಮೇಡಂ, ಇದು ಗೌಪ್ಯ ಅಲ್ಲ. ಹೆಸ್ರು, ಫೋನ್ ನಂಬರ್ ಎರಡೂ ಅಳಿಸೇ ಹಾಕಿರೋದು."

ಅವಳು ಸುಳ್ಳು ಹೇಳ್ತಿರ್ಲಿಲ್ಲ, ಮೇಲ್ಗಡೆ ಹೆಸರಿದ್ದ ಜಾಗದಲ್ಲಿ ಮೂರು ಚುಕ್ಕಿ ಇತ್ತು ನಿಜ. ಬೈಯೋಕೆ ಬಾಯಿ ತೆಗೆದೋಳು ಅಲ್ಲೇ ಕುರ್ಚಿ ಎಳ್ಕೊಂಡು ಕೂತು ಆ ಮೇಲನ್ನ ಸಾಲು ಸಾಲಾಗಿ ಓದಿದೆ, ನನ್ ಪಾಲಿಸಿ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗಿದ್ದು ಆಗ.

ಮೇಲಲ್ಲಿ ಏನಿತ್ತು ಅಂದ್ರೆ (ಗುರುತು ಸಿಗಬಾರದು ಅಂತ ಇಲ್ಲಿ ಸ್ವಲ್ಪ ಬದಲಾಯ್ಸಿದೀನಿ): ಬರೆದಿರೋರು ಒಂದು ಹಳ್ಳಿಯ ಸರ್ಕಾರಿ ಶಾಲೆ ಟೀಚರ್. ಊರಿನ ಹೆಸರಿದೆ. ಗಂಡ ಆಕ್ಸಿಡೆಂಟ್ ಆಗಿ ಆಸ್ಪತ್ರೇಲಿದ್ದಾರೆ, ಅದಕ್ಕೆ ಎರಡು ತಿಂಗಳು ಸ್ಕೂಟರ್ ಲೋನಿನ ಇಎಂಐ ಬೌನ್ಸ್ ಆಯ್ತು, ಒಂದೊಂದಕ್ಕೆ 500 ರೂಪಾಯಿ ಚಾರ್ಜ್ ಹಾಕಿದೀರಿ, ಒಂದು ತಿಂಗಳಂತೂ ಎರಡು ಸಲ ಹಾಕಿದೀರಿ ಅಂತ. ಆ ಊರಲ್ಲಿ ಗಂಡನಿಗೆ ಆಕ್ಸಿಡೆಂಟ್ ಆಗಿರೋ ಟೀಚರ್ ಎಷ್ಟು ಜನ ಇರ್ತಾರೆ ಹೇಳಿ, ಆ ಕಡೆ ಬಸ್ ಓಡಿಸೋ ಡ್ರೈವರ್‌ಗೂ ಗೊತ್ತಾಗುತ್ತೆ ಯಾರು ಅಂತ. ಸಾಲ ಬಾಕಿ ಇರೋದು, ಮನೇಲಿರೋ ಕಷ್ಟ, ಎರಡೂ ಹೊರಗೆ ಹೋಯ್ತು. ಇದಕ್ಕಿಂತ ದೊಡ್ಡದು ಇನ್ನೊಂದು, ಮೇಲಿನ ಕೆಳಗೆ ಹಳೇ ಮೇಲ್‌ಗಳ ಬಾಲ ಇರುತ್ತಲ್ಲ, ಟ್ರೇಲ್ ಮೇಲ್, ಅದು ಹಾಗೇ ಇತ್ತು. ಅದರಲ್ಲಿ ಅವರ ಪೂರ್ತಿ ಹೆಸರು, ಮೇಲ್ ಐಡಿ, ಲೋನ್ ಅಕೌಂಟ್ ನಂಬರ್, ಮೂರೂ ಇದ್ವು. ಮೇಲೆ ಚುಕ್ಕಿ ಇಟ್ಟಿದ್ದು ದಂಡ.

2023ರ ಡಿಜಿಟಲ್ ಪರ್ಸನಲ್ ಡೇಟಾ ಕಾಯ್ದೇಲೂ ಇದೇ ಇದೆ. ಅಲ್ಲಿ ಪರ್ಸನಲ್ ಡೇಟಾ ಅಂದ್ರೆ ಹೆಸರು, ನಂಬರ್ ಅಂತ ಪಟ್ಟಿ ಕೊಟ್ಟಿಲ್ಲ, ಯಾವ ಮಾಹಿತಿಯಿಂದ ಇಂಥ ವ್ಯಕ್ತಿ ಅಂತ ಗುರುತು ಹಿಡೀಬಹುದೋ ಆ ವ್ಯಕ್ತಿ ಬಗ್ಗೆ ಇರೋ ಮಾಹಿತಿ ಎಲ್ಲಾನೂ ಅಂತ ಅರ್ಥ ಬರೋ ಹಾಗೆ ಬರೆದಿದ್ದಾರೆ. ಆದ್ರೆ ಈ ವ್ಯಾಖ್ಯಾನ ತಗೊಂಡು ನೇರ ಪಾಲಿಸಿಗೆ ಹಾಕಿದ್ರೂ ಉಪಯೋಗ ಇಲ್ಲ, ದಿನಕ್ಕೆ ಅರವತ್ತು ಮೇಲ್ ಮುಗಿಸ್ಬೇಕಾದ ಹುಡುಗಿ ಪ್ರತಿ ಮೇಲಿಗೂ "ಇದರಿಂದ ಗುರುತು ಸಿಗುತ್ತಾ" ಅಂತ ಯೋಚಿಸ್ತಾ ಕೂರಲ್ಲ. "ಗೌಪ್ಯ" ಅನ್ನೋ ಪದಕ್ಕೂ ಅದೇ ತೊಂದ್ರೆ. ನಮ್ ಹುಡುಗ್ರಿಗೆ ಗೌಪ್ಯ ಅಂದ್ರೆ ಎಂಡಿ ರೂಮಲ್ಲಿರೋ ಫೈಲು, ದಿನಾ ಬರೋ ಕಂಪ್ಲೇಂಟ್ ಅವರ ಲೆಕ್ಕದಲ್ಲಿ ಬರೀ ಕೆಲಸ ಅಷ್ಟೇ.

ಅದಕ್ಕೆ ಎರಡನೇ ಸಲ ಬರೆಯೋವಾಗ ಆ ಪದಾನೇ ಕೈಬಿಟ್ಟು, ಮೇಜಿನ ಮೇಲೆ ಏನೇನಿರುತ್ತೋ ಅದರ ಹೆಸರೇ ಬರೆದೆ: ಗ್ರಾಹಕರ ಮೇಲ್, ಕಾಲ್ ನೋಟ್ಸ್, ಲೋನ್ ಸ್ಟೇಟ್‌ಮೆಂಟ್, ಕೆವೈಸಿ ಡಾಕ್ಯುಮೆಂಟ್, ಎಕ್ಸೆಲ್ ಫೈಲ್, ಸ್ಕ್ರೀನ್‌ಶಾಟ್. ಇವನ್ನ ಪೇಸ್ಟ್ ಮಾಡ್ಬೇಡಿ, ಅಟ್ಯಾಚ್ ಮಾಡ್ಬೇಡಿ, ಫೋನಲ್ಲಿ ಫೋಟೋ ತೆಗ್ದೂ ಹಾಕ್ಬೇಡಿ ಅಂತ. ಇಷ್ಟಕ್ಕೇ ನಿಲ್ಲಿಸಿದ್ರೆ ಜನ ಕದ್ದು ಮಾಡ್ತಾರೆ ಅಂತ ಗೊತ್ತಿತ್ತು, ಇಂಗ್ಲಿಷ್ ರಿಪ್ಲೈ ಬರೆಯೋ ಕಷ್ಟ ನಿಜವಾದ ಕಷ್ಟಾನೇ. ಹಾಗಾಗಿ ಹೇಗೆ ಬಳಸ್ಬಹುದು ಅನ್ನೋದನ್ನೂ ಬರೀಲೇಬೇಕಿತ್ತು. ಈಗ ಪಾಲಿಸೀಲಿರೋ ಮುಖ್ಯ ಸಾಲು ಇದು:

"ಗ್ರಾಹಕರ ಬರಹ ತಗೊಂಡು ಅದರಲ್ಲಿ ಹೆಸರು ಅಳಿಸಿ ಹಾಕುವುದು ಬೇಡ. ಖಾಲಿ ಬಾಕ್ಸ್‌ನಲ್ಲಿ ಸಂದರ್ಭವನ್ನು ನಿಮ್ಮ ಮಾತಲ್ಲಿ ಹೊಸದಾಗಿ ಟೈಪ್ ಮಾಡಿ. ಅದನ್ನು ಓದಿದವರಿಗೆ ಇದು ಸಾವಿರ ಗ್ರಾಹಕರಲ್ಲಿ ಯಾರದ್ದಾದರೂ ಇರಬಹುದು ಅನ್ನಿಸಬೇಕು."

ಅಳಿಸೋದಕ್ಕೂ ಹೊಸದಾಗಿ ಟೈಪ್ ಮಾಡೋದಕ್ಕೂ ಬಹಳ ವ್ಯತ್ಯಾಸ ಇದೆ. ಅಳಿಸ್ತಾ ಹೋದ್ರೆ ಕಣ್ಣಿಗೆ ಬೀಳದೇ ಇದ್ದಿದ್ದೆಲ್ಲ ಒಳಗೆ ಹೋಗುತ್ತೆ, ಟ್ರೇಲ್ ಮೇಲ್ ಹೋಯ್ತಲ್ಲ ಹಾಗೆ, ಎಕ್ಸೆಲಲ್ಲಿ ಹೈಡ್ ಮಾಡಿರೋ ಕಾಲಮ್ ಫೈಲ್ ಜೊತೇಲೇ ಹೋಗುತ್ತಲ್ಲ ಹಾಗೆ. ಹೊಸದಾಗಿ ಟೈಪ್ ಮಾಡಿದ್ರೆ ಬೇಕಾಗಿದ್ದು ಮಾತ್ರ ಹೋಗುತ್ತೆ, ಟೈಪ್ ಮಾಡೋಕೆ ಸೋಮಾರಿತನ ಇರುತ್ತಲ್ಲ, ಅದೇ ನಮ್ಮನ್ನ ಕಾಪಾಡುತ್ತೆ. ಆ ಹುಡುಗೀನ ಪಕ್ಕದಲ್ಲಿ ಕೂರಿಸ್ಕೊಂಡು, ಆ ಟೀಚರ್ ಮೇಲನ್ನೇ ಇಟ್ಕೊಂಡು, ಅವಳ ಕೈಲೇ ಬರೆಸಿದೆ: "ಟೂ ವೀಲರ್ ಲೋನ್ ಗ್ರಾಹಕರಿಗೆ ಒಂದೇ ತಿಂಗಳಲ್ಲಿ ಬೌನ್ಸ್ ಚಾರ್ಜ್ ಎರಡು ಸಲ ಬಿದ್ದಿದೆ. ಒಂದನ್ನು ವಾಪಸ್ ಮಾಡ್ತೀವಿ, ಇನ್ನೊಂದು ಉಳಿಯುತ್ತೆ. ಅವರಿಗೆ ಮನೇಲಿ ಕಷ್ಟ ಇದೆ, ಮೆತ್ತಗೆ ಹೇಳೋ ಹಾಗೆ ಇಂಗ್ಲಿಷಲ್ಲಿ ಎಂಟು ಸಾಲಿನ ಮೇಲ್ ಬೇಕು." ಊರಿಲ್ಲ, ಕೆಲಸ ಇಲ್ಲ, ಆಸ್ಪತ್ರೆ ಇಲ್ಲ, ದುಡ್ಡಿನ ಲೆಕ್ಕಾನೂ ಇಲ್ಲ. ಬಂದ ಉತ್ತರ ಮೊದಲಿನದಕ್ಕಿಂತ ಚೆನ್ನಾಗಿತ್ತು, ಯಾಕಂದ್ರೆ ಏನ್ ಹೇಳ್ಬೇಕು ಅನ್ನೋದನ್ನ ಈ ಸಲ ಅವಳೇ ತೀರ್ಮಾನ ಮಾಡಿದ್ಲು. ಹೆಸರು, ಮೊತ್ತ ಎಲ್ಲ ಆಮೇಲೆ ನಮ್ ಮೇಲ್ ಬಾಕ್ಸಲ್ಲೇ ತುಂಬಿಸೋದು.

ಆಮೇಲೆ ಟೂಲ್ ಬಗ್ಗೆ ಬರೆಯೋ ಕಲಮು. ಇಲ್ಲಿ ನಾನು ಇನ್ನೊಂದು ಗುಂಡಿಗೆ ಬೀಳ್ತಿದ್ದೆ. ನಮ್ ಎಂಡಿ ಸರ್ ಹೇಳಿದ್ರು, "ಕಂಪನಿ ದುಡ್ಡಲ್ಲಿ ಬಿಸಿನೆಸ್ ಪ್ಲಾನ್ ತಗೊಂಬಿಡೋಣ, ಆಗ ಏನ್ ಬೇಕಾದ್ರೂ ಹಾಕ್ಬೋದಲ್ಲ" ಅಂತ. ಅರ್ಧ ಸರಿ ಅದು. ಫ್ರೀ ಅಕೌಂಟಲ್ಲಿ ನಾವು ಬರೆದಿದ್ದನ್ನ ಮಾಡೆಲ್ ಟ್ರೇನ್ ಮಾಡೋಕೆ ಬಳಸ್ಕೊಳ್ಳೋ ಸೆಟ್ಟಿಂಗ್ ಮೊದಲೇ ಆನ್ ಇರುತ್ತೆ, ಚಾಟ್‌ಜಿಪಿಟೀಲಿ Data Controls ಒಳಗೆ Improve the model for everyone ಅಂತ ಇರೋದು ಅದೇ. ಬಿಸಿನೆಸ್ ಪ್ಲಾನಲ್ಲಿ ಅದು ಮೊದಲೇ ಆಫ್. ಆದ್ರೆ ಟ್ರೇನಿಂಗ್‌ಗೆ ಹೋಗಲ್ಲ ಅಂದ ಮಾತ್ರಕ್ಕೆ ಡೇಟಾ ಹೊರಗೆ ಹೋಗ್ಲಿಲ್ಲ ಅಂತಲ್ಲ, ಬೇರೆ ಕಂಪನಿ ಸರ್ವರ್‌ಗೆ ಹೋಗೇ ಹೋಗುತ್ತೆ. ಆ ಡೇಟಾ ನಮ್ದೂ ಅಲ್ಲ, ಫೈನಾನ್ಸ್ ಕಂಪನೀದು. ಅವರ ಜೊತೆ ಇರೋ ಅಗ್ರಿಮೆಂಟ್ ತೆಗೆದು ಓದಿದ್ರೆ ಒಂದು ಕಲಮಲ್ಲಿ ಸ್ಪಷ್ಟವಾಗಿದೆ, ಅವರ ಲಿಖಿತ ಒಪ್ಪಿಗೆ ಇಲ್ದೆ ಗ್ರಾಹಕರ ಡೇಟಾನ ನಾವು ಇನ್ಯಾವ ಮೂರನೇಯವರಿಗೂ ಕೊಡೋ ಹಾಗಿಲ್ಲ ಅಂತ. ನಾವು ಎಷ್ಟೇ ದುಡ್ಡು ಕೊಟ್ಟು ಪ್ಲಾನ್ ತಗೊಂಡ್ರೂ ಆ ಒಪ್ಪಿಗೆ ಬರಲ್ಲ. ನಿಮ್ದೂ ಬೇರೆಯವರ ಗ್ರಾಹಕರನ್ನ ನೋಡ್ಕೊಳ್ಳೋ ಕೆಲಸ ಆಗಿದ್ರೆ ಪಾಲಿಸಿಗೆ ಮೊದಲು ಅಗ್ರಿಮೆಂಟ್ ಓದಿ, ನಾನು ಉಲ್ಟಾ ಮಾಡಿ ಎರಡು ವಾರ ಕಳ್ಕೊಂಡೆ. ಕೊನೆಗೆ ಬರೆದಿದ್ದು ಹೀಗೆ:

"ಆಫೀಸ್ ಕೆಲಸಕ್ಕೆ ಕಂಪನಿ ಕೊಟ್ಟ ಅಕೌಂಟ್ ಮಾತ್ರ, ಸ್ವಂತ ಅಕೌಂಟ್ ಬೇಡ. ಕಂಪನಿ ಅಕೌಂಟ್‌ನಲ್ಲೂ ಗ್ರಾಹಕರ ಮಾಹಿತಿ ಹಾಕುವ ಹಾಗಿಲ್ಲ. ಕ್ಲೈಂಟ್ ಲಿಖಿತವಾಗಿ ಒಪ್ಪಿದ ಕೆಲಸಗಳ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ, ಪಟ್ಟಿಯಲ್ಲಿ ಇಲ್ಲದ್ದು ಇಲ್ಲ." ಸದ್ಯಕ್ಕೆ ಆ ಪಟ್ಟೀಲಿ ಏನೂ ಇಲ್ಲ, ಬೋರ್ಡಲ್ಲಿ ಖಾಲಿ ಹಾಳೆ ನೇತಾಡ್ತಿದೆ.

ಅತಿ ಹೆಚ್ಚು ಜಗಳ ಆಗಿದ್ದು ತಪ್ಪಾದ್ರೆ ಏನ್ಮಾಡ್ಬೇಕು ಅನ್ನೋ ಸಾಲಿಗೆ. ಎಚ್‌ಆರ್‌ನೋರು "ಉಲ್ಲಂಘಿಸಿದವರ ಮೇಲೆ ಶಿಸ್ತು ಕ್ರಮ" ಅಂತ ಬರೀಲೇಬೇಕು ಅಂದ್ರು. ನಾನು ಕೇಳಿದ್ದು ಒಂದೇ, ಆ ಹುಡುಗಿ ಸ್ಕ್ರೀನ್ ನಾನು ನೋಡದೇ ಇದ್ದಿದ್ರೆ, ಮಾರನೇ ದಿನ ಅವಳಿಗೇ ತಪ್ಪು ಅಂತ ಹೊಳೆದಿದ್ರೆ, ಈ ಸಾಲು ಓದಿ ಬಂದು ಹೇಳ್ತಿದ್ಲಾ? ಚಾಟ್ ಡಿಲೀಟ್ ಮಾಡಿ ಸುಮ್ನಾಗ್ತಿದ್ಲು. ನಮಗೆ ಗೊತ್ತಾಗ್ಬೇಕಾಗಿರೋದು ಬೇಗ. ಡೇಟಾ ಲೀಕ್ ಥರದ ಘಟನೆ ಗೊತ್ತಾದ 6 ಗಂಟೆ ಒಳಗೆ ಸೈಬರ್ ಘಟನೆಗಳನ್ನ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಇದೆ, ನಮ್ ಅಗ್ರಿಮೆಂಟಲ್ಲೂ ಅದೇ ದಿನ ಕ್ಲೈಂಟ್‌ಗೆ ಹೇಳ್ಬೇಕು ಅಂತಿದೆ. ಇಂಥ ಪೇಸ್ಟ್ ಅದರಡಿ ಬರುತ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ಕ್ಲೈಂಟಿನ ಸೆಕ್ಯುರಿಟಿಯವರು, ಹುಡುಗಿ ಅಲ್ಲ, ನಾನೂ ಅಲ್ಲ. ಅವತ್ತು ರಾತ್ರಿ ಎಂಟಕ್ಕೆ ಅವರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು "ಯಾವ ಅಕೌಂಟು, ಎಷ್ಟು ಗಂಟೆಗೆ, ನಿಖರವಾಗಿ ಏನು ಹೋಯ್ತು" ಅಂತ. ಚಾಟ್ ಡಿಲೀಟ್ ಆಗಿದ್ರೆ ಈ ಮೂರಕ್ಕೂ ನಮ್ ಹತ್ರ ಉತ್ತರ ಇರ್ತಿರ್ಲಿಲ್ಲ. ಅದಕ್ಕೆ ಈಗಿನ ಸಾಲು: "ತಪ್ಪಾಗಿ ಹಾಕಿದ್ದು ಗೊತ್ತಾದ ತಕ್ಷಣ ಟೀಮ್ ಲೀಡ್‌ಗೆ ಹೇಳಿ, ರಾತ್ರಿಯಾದರೂ ಸರಿ. ಚಾಟ್ ಡಿಲೀಟ್ ಮಾಡಬೇಡಿ, ನಾವು ಬಂದು ನೋಡಿಕೊಂಡ ಮೇಲೆ ಒಟ್ಟಿಗೆ ಡಿಲೀಟ್ ಮಾಡೋಣ. ತಾನಾಗಿ ಬಂದು ಹೇಳಿದವರ ಮೇಲೆ ಆ ತಪ್ಪಿಗೆ ಕ್ರಮ ಇಲ್ಲ. ಮುಚ್ಚಿಟ್ಟರೆ ಇದೆ." ಎಚ್‌ಆರ್ "ಮುಚ್ಚಿಟ್ಟರೆ ಇದೆ" ಸೇರಿಸಿದ ಮೇಲೇ ಒಪ್ಪಿದ್ದು.

ಸೈನ್ ಹಾಕ್ಸೋ ಮೊದಲು ಈ ಸಲ ಒಂದು ಪರೀಕ್ಷೆ ಮಾಡಿದೆ. ಐದು ಜನರನ್ನ ಕೂರಿಸಿ, ಪಾಲಿಸಿ ಕೈಗೆ ಕೊಟ್ಟು, ಆರು ಸನ್ನಿವೇಶ ಓದಿ ಹೇಳಿದೆ, ಮಾಡ್ಬಹುದಾ ಬೇಡ್ವಾ ಅಂತ ಒಬ್ರನ್ನೊಬ್ರು ಕೇಳದೆ ಬರೀಬೇಕು. ನಾಲ್ಕಕ್ಕೆ ಎಲ್ರೂ ಒಂದೇ ಉತ್ತರ ಬರೆದ್ರು. ಐದನೇದು, ಗ್ರಾಹಕರ ಕನ್ನಡ ಮೇಲನ್ನ ಟ್ರಾನ್ಸ್‌ಲೇಟರ್‌ಗೆ ಹಾಕೋದು. ಮೂರು ಜನ ಸರಿ ಅಂದ್ರು, "ಅದು ಎಐ ಅಲ್ವಲ್ಲ ಮೇಡಂ, ಟ್ರಾನ್ಸ್‌ಲೇಟರ್ ಅಲ್ವಾ?" ಪಾಪ, ತಪ್ಪು ನಂದೇ, ನಾನು ಬರೀ "ಎಐ ಟೂಲ್" ಅಂತ ಬರೆದಿದ್ದೆ. ಈಗ "ಬ್ರೌಸರ್‌ನಲ್ಲಿ ಬರಹ ಹಾಕಿ ಬೇರೆ ಬರಹ ಪಡೆಯುವ ಯಾವುದೇ ಸೈಟ್, ಆಪ್, ಎಕ್ಸ್‌ಟೆನ್ಷನ್; ಟ್ರಾನ್ಸ್‌ಲೇಟರ್, ಗ್ರಾಮರ್ ಚೆಕ್ಕರ್ ಸೇರಿ" ಅಂತ ಆಗಿದೆ.

ಆರನೇದು ಇನ್ನೂ ಬಗೆಹರಿದಿಲ್ಲ. ಕ್ಲೈಂಟ್ ಕರೆಯೋ ಆನ್‌ಲೈನ್ ಮೀಟಿಂಗಿಗೆ ಅವರ ಕಡೆಯವರದ್ದೇ ಒಂದು ನೋಟ್ಸ್ ಬರೆಯೋ ಬಾಟ್ ತಾನಾಗೇ ಬಂದು ಕೂರುತ್ತೆ, ಅಲ್ಲಿ ನಾವು ಗ್ರಾಹಕರ ಕೇಸ್‌ಗಳನ್ನ ಹೆಸರು ಹೇಳಿ ಮಾತಾಡ್ತೀವಿ. ಐದು ಜನಾನೂ ಐದು ಥರ ಬರೆದ್ರು. ಕ್ಲೈಂಟ್‌ಗೆ ಮೇಲ್ ಹಾಕಿ ಕೇಳಿದೀನಿ, ಉತ್ತರ ಬಂದಿಲ್ಲ, ಅಲ್ಲೀವರೆಗೂ ಮೀಟಿಂಗಲ್ಲಿ ಟಿಕೆಟ್ ನಂಬರ್ ಮಾತ್ರ ಹೇಳಿ ಅಂತ ಹುಡುಗ್ರಿಗೆ ಹೇಳಿದೀನಿ.